ಚಿಕ್ಕ ಸಾಲ ಮೊದಲೋ, ಜಾಸ್ತಿ ಬಡ್ಡಿಯ ಸಾಲ ಮೊದಲೋ? ಆಟಿ ತಿಂಗಳನ್ನೂ ಸೇರಿಸಿ ಒಂದು ಲೆಕ್ಕ

ಬದಿಯಡ್ಕದ ಹತ್ತಿರ ನಮ್ಮ ನೆರೆಮನೆಯ ಅಕ್ಕ ಟೈಲರಿಂಗ್ ಮಾಡುತ್ತಾರೆ. ಭಾವ ಪಿಕಪ್‌ನಲ್ಲಿ ಕೆಂಪುಕಲ್ಲು ಸಾಗಿಸುತ್ತಾರೆ. ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ಅಕ್ಕ ಬಿಸ್ಕತ್ತಿನ ಹಳೇ ಡಬ್ಬ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಡಬ್ಬದಲ್ಲಿ ನಾಲ್ಕು ಸಾಲದ ಕಾಗದಗಳಿದ್ದವು. ತಿಂಗಳು ತಿಂಗಳೂ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದರು. ಆದರೂ ಯಾವುದೂ ಮುಗಿಯುತ್ತಿರಲಿಲ್ಲ.

ಇಂಥ ಸಂದರ್ಭಕ್ಕೆ ಎರಡು ದಾರಿಗಳ ಹೆಸರು ಎಲ್ಲ ಕಡೆ ಕೇಳಿಬರುತ್ತದೆ. ಒಂದು ಸ್ನೋಬಾಲ್: ಬಾಕಿ ಯಾವುದರಲ್ಲಿ ಎಲ್ಲಕ್ಕಿಂತ ಕಡಿಮೆ ಇದೆಯೋ ಅದನ್ನು ಮೊದಲು ಮುಗಿಸುವುದು. ಇನ್ನೊಂದು ಅವಲಾಂಚ್: ಬಡ್ಡಿ ಯಾವುದಕ್ಕೆ ಎಲ್ಲಕ್ಕಿಂತ ಜಾಸ್ತಿಯೋ ಅದನ್ನು ಮೊದಲು ಮುಗಿಸುವುದು. ಎರಡರಲ್ಲೂ ಉಳಿದ ಸಾಲಗಳಿಗೆ ಕಡ್ಡಾಯ ಕಂತು ಮಾತ್ರ ಕಟ್ಟಬೇಕು, ಮಿಕ್ಕಿದ ದುಡ್ಡೆಲ್ಲ ಒಂದೇ ಸಾಲಕ್ಕೆ ಹೋಗಬೇಕು. ಅದು ಮುಗಿದ ಮೇಲೆ ಅದರ ಕಂತಿನ ದುಡ್ಡೂ ಸೇರಿ ಮುಂದಿನ ಸಾಲಕ್ಕೆ. ಬಡ್ಡಿ ಉಳಿಯುವುದು ಅವಲಾಂಚ್‌ನಲ್ಲೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಷ್ಟು ಉಳಿಯುತ್ತದೆ, ಮತ್ತು ಅದಕ್ಕೆ ಬದಲಾಗಿ ಏನನ್ನು ಬಿಟ್ಟುಕೊಡುತ್ತೇವೆ ಅನ್ನುವುದನ್ನು ಕೂತು ಲೆಕ್ಕ ಹಾಕದೆ ಯಾವುದನ್ನೂ ಆರಿಸಬಾರದು. ಅಕ್ಕನ ಜೊತೆ ಆ ಲೆಕ್ಕ ಹಾಕಿದ್ದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಅಂಕಿಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ, ಅಷ್ಟೇ.

ಮೊದಲು ಒಂದು ಹಾಳೆ, ನಾಲ್ಕು ಕಾಲಂ

ನೋಟ್‌ಬುಕ್ಕಿನ ಒಂದು ಹಾಳೆ ಅಡ್ಡ ಹಿಡಿಯಿರಿ. ಸಾಲದ ಹೆಸರು, ಇವತ್ತಿನ ಬಾಕಿ, ತಿಂಗಳ ಬಡ್ಡಿ, ತಿಂಗಳಿಗೆ ಕಡ್ಡಾಯವಾಗಿ ಕಟ್ಟಬೇಕಾದ ದುಡ್ಡು, ಹೀಗೆ ನಾಲ್ಕು ಕಾಲಂ ಮಾಡಿ. ಬಾಕಿ ಅಂದರೆ ಇನ್ನೂ ಕಟ್ಟಲಿಕ್ಕಿರುವ ಕಂತುಗಳ ಮೊತ್ತ ಅಲ್ಲ, ಉಳಿದಿರುವ ಅಸಲು. ಇವೆರಡನ್ನು ಕಲಸಿಬಿಟ್ಟರೆ ಮುಂದಿನದೆಲ್ಲ ತಪ್ಪುತ್ತದೆ.

ನಮ್ಮ ಕಾಸರಗೋಡಿನಲ್ಲಿ ಇಲ್ಲೇ ಒಂದು ತೊಡಕು ಇದೆ. ಸಹಕಾರಿ ಬ್ಯಾಂಕಿನ ರಸೀದಿ, ನೋಟಿಸ್ ಎಷ್ಟೋ ಸಲ ಮಲಯಾಳದಲ್ಲಿರುತ್ತದೆ. ಮಾತಾಡಲು ಬರುವವರಿಗೂ ಓದಲು ಬರುವುದಿಲ್ಲ. ಐದು ಶಬ್ದ ಗೊತ್ತಿದ್ದರೆ ಸಾಕು: ಮುದಲ್ ಅಂದರೆ ಅಸಲು, ಪಲಿಶ ಅಂದರೆ ಬಡ್ಡಿ, ಪಿಳಪ್ಪಲಿಶ ಅಂದರೆ ತಡವಾದದ್ದಕ್ಕೆ ಹಾಕುವ ದಂಡದ ಬಡ್ಡಿ, ಕುಡಿಶ್ಶಿಕ ಅಂದರೆ ಕಟ್ಟದೆ ಉಳಿದ ಬಾಕಿ, ಪಣಯ ಅಂದರೆ ಅಡವು. ಇನ್ನೊಂದು ಎಚ್ಚರ. ಬ್ಯಾಂಕಿನವರು ‘ಅಡವು ತಪ್ಪಿದೆ’ ಎಂಬರ್ಥದಲ್ಲಿ ಹೇಳಿದರೆ ಅದು ಕಂತು ತಪ್ಪಿದ ಮಾತು, ಚಿನ್ನದ ಅಡವಿನ ಮಾತಲ್ಲ. ಮಲಯಾಳದಲ್ಲಿ ಆ ಶಬ್ದಕ್ಕೆ ಕಂತು, ಪಾವತಿ ಅನ್ನುವ ಅರ್ಥ. ಕೌಂಟರಿನಲ್ಲಿ ಕೇಳಿ ರಸೀದಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ, ಸಂಕೋಚ ಬೇಡ.

ಅಕ್ಕನ ಹಾಳೆ ಹೀಗಾಯಿತು:

- ಕುಟುಂಬಶ್ರೀ ಕೂಟದ ಸಾಲ: ಬಾಕಿ 9,000, ತಿಂಗಳಿಗೆ 1% ಬಡ್ಡಿ, ಕಡ್ಡಾಯ 1,000
- ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲ: ಬಾಕಿ 24,000, ತಿಂಗಳಿಗೆ 2.5%, ಕಂತು 2,400
- ಕ್ರೆಡಿಟ್ ಕಾರ್ಡ್: ಬಾಕಿ 48,000, ತಿಂಗಳಿಗೆ 4.13%, ಕನಿಷ್ಠ 2,500
- ಸಹಕಾರಿ ಬ್ಯಾಂಕಿನ ಚಿನ್ನದ ಸಾಲ: ಬಾಕಿ 60,000, ವರ್ಷಕ್ಕೆ 10%, ತಿಂಗಳ ಬಡ್ಡಿ 500

ಕಾರ್ಡಿನ ಬಿಲ್ಲಿನಲ್ಲಿ ಬಡ್ಡಿ 3.5% ಅಂತಲೇ ಇತ್ತು. ನಾನು 4.13% ಅಂತ ಬರೆದದ್ದಕ್ಕೆ ಕಾರಣ ಇದೆ. ಕಾರ್ಡಿನ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೀಳುತ್ತದೆ. 3.5ಕ್ಕೆ ಅದನ್ನು ಸೇರಿಸಿದರೆ 4.13. ವರ್ಷಕ್ಕೆ ಸುಮಾರು 50% ಆಯಿತು. ಬೇರೆ ಸಾಲಗಳ ಬಡ್ಡಿಗೆ ಈ ತೆರಿಗೆ ಇಲ್ಲ. ಹಾಗಾಗಿ ಬಿಲ್ಲಿನಲ್ಲಿ ಕಾಣುವ ಸಂಖ್ಯೆಯನ್ನೇ ಹಾಳೆಗೆ ಇಳಿಸಬೇಡಿ.

ಆ್ಯಪ್ ಸಾಲ, ಫೈನಾನ್ಸಿನ ಸಾಲಗಳಲ್ಲಿ ಇನ್ನೊಂದು ಮೋಸ ಹೋಗುವ ಜಾಗ ‘ಫ್ಲಾಟ್’ ಬಡ್ಡಿ. ವರ್ಷಕ್ಕೆ 12% ಫ್ಲಾಟ್ ಅಂದರೆ ಮೊದಲ ದಿನದ ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ಬಡ್ಡಿ. ಅಸಲು ಇಳಿಯುತ್ತಾ ಬಂದರೂ ಬಡ್ಡಿ ಇಳಿಯುವುದಿಲ್ಲ. ಎರಡು ವರ್ಷದ ಸಾಲದಲ್ಲಿ ಅದು ಇಳಿಯುವ ಬಾಕಿಯ ಲೆಕ್ಕಕ್ಕೆ 21.6% ಆಗುತ್ತದೆ. ನಿಮ್ಮ ಸಾಲ ಯಾವ ಬಗೆ ಅಂತ ತಿಳಿಯಲು ಸಾಲದ ಜೊತೆ ಕೊಡುವ Key Fact Statement ಅನ್ನುವ ಹಾಳೆಯಲ್ಲಿ APR ಅಂತ ಬರೆದಿರುವುದನ್ನು, ಅಂದರೆ ಶುಲ್ಕಗಳೂ ಸೇರಿದ ವರ್ಷದ ದರವನ್ನು, ನೋಡಿ. 2024ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಚಿಲ್ಲರೆ ಕಂತಿನ ಸಾಲಗಳಿಗೆಲ್ಲ ಈ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಹೋಲಿಕೆಗೆ ಬೇಕಾದದ್ದು ಆ ಸಂಖ್ಯೆ.

ಹಾಳೆ ತುಂಬಿದ ಮೇಲೆ ಮನೆಯ ಖರ್ಚು ಕಳೆದು ಸಾಲಕ್ಕೆ ಅಂತ ತಿಂಗಳಿಗೆ ಎಷ್ಟು ಎತ್ತಿಡಬಹುದು ಅಂತ ನೋಡಿದೆವು. 12,000 ಅಂತ ಅಕ್ಕ ಹೇಳಿದರು. ಕಡ್ಡಾಯ ಪಾವತಿಗಳ ಮೊತ್ತ 6,400. ಅಂದರೆ 5,600 ರೂಪಾಯಿ ನಮ್ಮ ಇಷ್ಟದಂತೆ ಹಾಕಬಹುದಾದ ದುಡ್ಡು. ಸ್ನೋಬಾಲ್ ಆಗಲಿ ಅವಲಾಂಚ್ ಆಗಲಿ, ತೀರ್ಮಾನ ಮಾಡಬೇಕಾದದ್ದು ಈ 5,600ರ ಬಗ್ಗೆ ಮಾತ್ರ.

ಕಾರ್ಡನ್ನು ಬೀರುವಿನಲ್ಲಿಡುವುದು

ಯಾವ ದಾರಿ ಹಿಡಿದರೂ ಕಾರ್ಡಿನಲ್ಲಿ ಹೊಸ ಖರ್ಚು ನಿಲ್ಲಬೇಕು. ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟದೆ ಇದ್ದಾಗ ಹೊಸ ಖರ್ಚಿಗೆ ಸಿಗುವ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಹೊರಟುಹೋಗುತ್ತದೆ. ಆಗ ಇವತ್ತು ಅಂಗಡಿಯಲ್ಲಿ ಉಜ್ಜಿದ 500 ರೂಪಾಯಿಗೂ ಇವತ್ತಿನಿಂದಲೇ ಬಡ್ಡಿ ಶುರು. ಇದು ತುಂಬಾ ಜನರಿಗೆ ಗೊತ್ತಿಲ್ಲ.

ಬಿಲ್ಲಿನ Minimum Amount Due ಕಟ್ಟಿದರೆ ದಂಡ ತಪ್ಪುತ್ತದೆ, ಸಾಲ ತಗ್ಗುವುದಿಲ್ಲ. ಅಕ್ಕನ ಕಾರ್ಡನ್ನೇ ನೋಡಿ. 48,000ಕ್ಕೆ ಒಂದು ತಿಂಗಳ ಬಡ್ಡಿ ತೆರಿಗೆ ಸೇರಿ 1,982 ರೂಪಾಯಿ. ಕಟ್ಟಿದ್ದು 2,500. ತಗ್ಗಿದ್ದು 518. ಬ್ಯಾಂಕ್ ಖಾತೆಯಿಂದ ತಾನಾಗಿ ಹೋಗುವ ಆಟೋ ಪೇ ಇದ್ದರೆ ಅದು ಕನಿಷ್ಠ ಮೊತ್ತಕ್ಕೆ ಇದೆಯೋ ಪೂರ್ತಿಗೆ ಇದೆಯೋ ನೋಡಿ. ಅಕ್ಕನದು ಕನಿಷ್ಠಕ್ಕೆ ಇತ್ತು. ಅದನ್ನು ಹಾಗೇ ಬಿಟ್ಟೆವು, ಮರೆತರೂ ದಂಡ ಬೀಳದಿರಲಿ ಅಂತ. ಹೆಚ್ಚಿನದನ್ನು ಕೈಯಾರೆ ಕಟ್ಟುವುದು.

ಎರಡೂ ದಾರಿಯನ್ನು ಕಾಗದದ ಮೇಲೆ ನಡೆದು ನೋಡುವುದು

ಲೆಕ್ಕ ಮಾಡುವ ಕ್ರಮ ಸುಲಭ. ಪ್ರತಿ ಸಾಲಕ್ಕೂ ತಿಂಗಳ ಬಡ್ಡಿ ಸೇರಿಸಿ, ಕಟ್ಟುವ ದುಡ್ಡು ಕಳೆದು, ಉಳಿದದ್ದನ್ನು ಮುಂದಿನ ಸಾಲಿಗೆ ಇಳಿಸುವುದು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಚಿನ್ನದ ಸಾಲ ಎರಡು ದಾರಿಯಲ್ಲೂ ಕೊನೆಗೇ ಬರುತ್ತದೆ, ಯಾಕೆಂದರೆ ಬಾಕಿ ದೊಡ್ಡದು, ಬಡ್ಡಿ ಚಿಕ್ಕದು. ಅದಕ್ಕೆ ತಿಂಗಳ ಬಡ್ಡಿ 500 ತೆಗೆದಿಟ್ಟು, ಉಳಿದ 11,500 ರೂಪಾಯಿಯನ್ನು ಮೂರು ಸಾಲಗಳಿಗೆ ಹಂಚಿ ನೋಡಿದೆವು.

ಅವಲಾಂಚ್‌ನಲ್ಲಿ ಕಾರ್ಡಿಗೆ ತಿಂಗಳಿಗೆ 8,100 ಹೋಗುತ್ತದೆ. ಮೊದಲ ತಿಂಗಳ ಕೊನೆಗೆ ಕಾರ್ಡಿನ ಬಾಕಿ 41,882. ಎರಡನೇ ತಿಂಗಳಿಗೆ 35,512. ಹೀಗೆ ಇಳಿದು 7ನೇ ತಿಂಗಳಲ್ಲಿ ಕಾರ್ಡ್ ಮುಗಿಯುತ್ತದೆ. 8ನೇ ತಿಂಗಳಲ್ಲಿ ಆ್ಯಪ್ ಸಾಲ, 9ನೇ ತಿಂಗಳಲ್ಲಿ ಕುಟುಂಬಶ್ರೀ. ಮೂರಕ್ಕೂ ಸೇರಿ ಕಟ್ಟಿದ ಬಡ್ಡಿ 12,124 ರೂಪಾಯಿ.

ಸ್ನೋಬಾಲ್‌ನಲ್ಲಿ ಕುಟುಂಬಶ್ರೀ ಸಾಲ 2ನೇ ತಿಂಗಳಲ್ಲೇ ಮುಗಿಯುತ್ತದೆ. ಆ್ಯಪ್ ಸಾಲ 4ನೇ ತಿಂಗಳಲ್ಲಿ. ಆ ಹೊತ್ತಿಗೆ ಕಾರ್ಡ್ 44,666ಕ್ಕೆ ಮಾತ್ರ ಇಳಿದಿರುತ್ತದೆ. ಆಮೇಲೆ 11,500 ಪೂರ್ತಿ ಅದಕ್ಕೆ ಹೋಗಿ 9ನೇ ತಿಂಗಳಲ್ಲಿ ಮುಗಿಯುತ್ತದೆ. ಬಡ್ಡಿ 14,734.

ವ್ಯತ್ಯಾಸ 2,610 ರೂಪಾಯಿ. ಚಿನ್ನದ ಸಾಲವನ್ನೂ ಸೇರಿಸಿ ಕೊನೆಯವರೆಗೆ ಎಳೆದರೆ ಸುಮಾರು 2,700. ಎರಡೂ ದಾರಿಯಲ್ಲಿ ಎಲ್ಲ ಸಾಲ ಮುಗಿಯುವುದು 14ನೇ ತಿಂಗಳಲ್ಲೇ. ಒಂದು ತಿಂಗಳೂ ಹೆಚ್ಚು ಕಡಿಮೆ ಇಲ್ಲ.

2,700 ಸಣ್ಣ ದುಡ್ಡಲ್ಲ. ಅಕ್ಕ ಅಷ್ಟು ಸಂಪಾದಿಸಲು ಎಷ್ಟು ಬ್ಲೌಸ್ ಹೊಲಿಯಬೇಕು ಅಂತ ನನಗೆ ಗೊತ್ತು. ಹಾಗಾಗಿ ನಾನು ಅವಲಾಂಚ್ ಕಡೆಗೇ ವಾಲಿದ್ದೆ. ಹಾಳೆಯನ್ನು ಅಕ್ಕನ ಮುಂದೆ ಇಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ ಕೇಳಿದರು, “ಇದೆಲ್ಲ ಸರಿ ತಮ್ಮ, ಆಟಿಯಲ್ಲಿ ಏನು ಮಾಡುವುದು?”

ಆಟಿಯ ಪ್ರಶ್ನೆ

ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಜೋರು ಮಳೆಯಲ್ಲಿ ಕಲ್ಲಿನ ಕೆಲಸ ನಿಲ್ಲುತ್ತದೆ, ಭಾವನ ಪಿಕಪ್ ಅಂಗಳದಲ್ಲಿ ನಿಲ್ಲುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಯೂನಿಫಾರಂ ಹೊಲಿಗೆ ಇರುತ್ತದೆ. ಅದು ಮುಗಿದರೆ ಆಟಿಯಲ್ಲಿ ಮದುವೆಯೂ ಇಲ್ಲ, ಹೊಸ ಬಟ್ಟೆಯೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಸಾಲಕ್ಕೆ ಅಂತ 4,000 ಎತ್ತಿಟ್ಟರೆ ಹೆಚ್ಚು. ಮಾರ್ಚ್‌ನಿಂದ ಎಣಿಸಿದರೆ ಅದು 5 ಮತ್ತು 6ನೇ ತಿಂಗಳು.

ಹಾಗಾಗಿ ಜೂನ್ ಕೊನೆಯಲ್ಲಿ ಎರಡು ದಾರಿ ನಮ್ಮನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಅಂತ ಮತ್ತೆ ನೋಡಿದೆವು. ಅವಲಾಂಚ್‌ನಲ್ಲಿ ಮೂರು ಸಾಲಗಳ ಬಾಕಿ ಸೇರಿ 43,802. ಸ್ನೋಬಾಲ್‌ನಲ್ಲಿ 44,666. ಅಂದರೆ ಆ ಹೊತ್ತಿಗೆ ಬಾಕಿಯಲ್ಲಿ ಇರುವ ವ್ಯತ್ಯಾಸ 864 ರೂಪಾಯಿ ಮಾತ್ರ.

ಈಗ ಕಡ್ಡಾಯದ ಕಾಲಂ ನೋಡಿ. ಅವಲಾಂಚ್‌ನಲ್ಲಿ ಮೂರೂ ಸಾಲ ಇನ್ನೂ ಜೀವಂತ. ಕುಟುಂಬಶ್ರೀಗೆ 1,000, ಆ್ಯಪ್‌ಗೆ 2,400, ಕಾರ್ಡಿಗೆ ಬಿಲ್ಲಿನ 5% ಅಂದರೆ ಸುಮಾರು 1,150, ಚಿನ್ನಕ್ಕೆ 500. ಒಟ್ಟು 5,050. ಕೈಯಲ್ಲಿರುವುದು 4,000. ಸ್ನೋಬಾಲ್‌ನಲ್ಲಿ ಉಳಿದದ್ದು ಕಾರ್ಡ್ ಮತ್ತು ಚಿನ್ನ. ಕಾರ್ಡಿಗೆ ಸುಮಾರು 2,330, ಚಿನ್ನಕ್ಕೆ 500. ಒಟ್ಟು 2,830. 4,000ದಲ್ಲಿ ಕಟ್ಟಿ ಮುಗಿಸಿ ಇನ್ನೂ ಸ್ವಲ್ಪ ಮಿಗುತ್ತದೆ.

ಇಲ್ಲಿಯೇ ಇರುವುದು ಎರಡು ದಾರಿಗಳ ನಡುವಿನ ನಿಜವಾದ ಭೇದ. ಕಂತಿನ ಸಾಲ ಅರ್ಧ ತೀರಿದರೂ ಕಂತು ಅರ್ಧ ಆಗುವುದಿಲ್ಲ. ಪೂರ್ತಿ ತೀರಿದ ದಿನ ಮಾತ್ರ ಕಂತು ನಿಲ್ಲುತ್ತದೆ. ಕಾರ್ಡ್ ಹಾಗಲ್ಲ, ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ. ಚಿಕ್ಕ ಬಾಕಿ, ದೊಡ್ಡ ಕಂತು ಇರುವ ಸಾಲವನ್ನು ಮುಗಿಸಿದರೆ ತಿಂಗಳ ಭಾರ ಒಮ್ಮೆಲೇ ಇಳಿಯುತ್ತದೆ. ಇದನ್ನು ಅಳೆಯಲು ಹಾಳೆಯ ಬದಿಯಲ್ಲಿ ಇನ್ನೊಂದು ಸಂಖ್ಯೆ ಬರೆಯಿರಿ: ಪ್ರತಿ 1,000 ಬಾಕಿಗೆ ತಿಂಗಳಿಗೆ ಎಷ್ಟು ಕಡ್ಡಾಯ? ಕುಟುಂಬಶ್ರೀಗೆ 111 ರೂಪಾಯಿ, ಆ್ಯಪ್‌ಗೆ 100, ಕಾರ್ಡಿಗೆ 52, ಚಿನ್ನಕ್ಕೆ 8. ಈ ಸಂಖ್ಯೆ ಜಾಸ್ತಿ ಇರುವ ಸಾಲ ಮುಗಿದರೆ ಕೈ ಬೇಗ ಸಡಿಲವಾಗುತ್ತದೆ.

ಕಂತು ತಪ್ಪಿದರೆ ಏನಾಗುತ್ತದೆ ಅನ್ನುವುದೂ ಲೆಕ್ಕದೊಳಗೇ ಬರಬೇಕು. ಖಾತೆಯಲ್ಲಿ ದುಡ್ಡಿಲ್ಲದೆ ಆಟೋ ಡೆಬಿಟ್ ವಾಪಸಾದರೆ ಸಾಲ ಕೊಟ್ಟವರೂ ಶುಲ್ಕ ಹಾಕುತ್ತಾರೆ, ನಮ್ಮ ಬ್ಯಾಂಕೂ ಹಾಕುತ್ತದೆ. ಆಮೇಲೆ ತಡದ ದಂಡ ಬೇರೆ. ಎರಡು ತಿಂಗಳು ಹೀಗಾದರೆ ಅವಲಾಂಚ್‌ನಲ್ಲಿ ಉಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಕುಟುಂಬಶ್ರೀಯಲ್ಲಿ ಕಂತು ತಪ್ಪಿದರೆ ಶುಲ್ಕಕ್ಕಿಂತ ದೊಡ್ಡ ಕಷ್ಟ. ವಾರದ ಕೂಟದಲ್ಲಿ ನೆರೆಯವರ ಮುಂದೆ ಕೂರಬೇಕು. ಕೂಟದ ಹೆಸರಿನಲ್ಲಿ ಬ್ಯಾಂಕಿನಿಂದ ತಂದ ಸಾಲವಾಗಿದ್ದರೆ ಒಬ್ಬರು ತಪ್ಪಿದ್ದು ಎಲ್ಲರಿಗೂ ತಟ್ಟುತ್ತದೆ.

ಅವಲಾಂಚನ್ನೇ ಹಿಡಿದು ಆಟಿ ದಾಟುವ ದಾರಿಯೂ ಇದೆ. ಜೂನ್ ತಿಂಗಳಲ್ಲಿ ಕಾರ್ಡಿಗೆ ಹಾಕುವ ದುಡ್ಡಿನಿಂದ 2,500 ತೆಗೆದು ಉಳಿತಾಯ ಖಾತೆಯಲ್ಲಿ ಇಟ್ಟರೆ ಎರಡು ತಿಂಗಳ ಕೊರತೆ ತುಂಬುತ್ತದೆ. ಅದಕ್ಕೆ ತಗಲುವ ಹೆಚ್ಚಿನ ಬಡ್ಡಿ ತಿಂಗಳಿಗೆ ಸುಮಾರು 100 ರೂಪಾಯಿ. ಲೆಕ್ಕದ ಪ್ರಕಾರ ಇದೇ ಅಗ್ಗ. ಎತ್ತಿಟ್ಟ ದುಡ್ಡನ್ನು ಮುಟ್ಟದೆ ಇರಬಲ್ಲ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಅಕ್ಕ ತಲೆ ಆಡಿಸಿದರು. ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದರೆ, ಪಿಕಪ್ಪಿನ ಟಯರ್ ಹೋದರೆ ಆ 2,500 ಇರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಸಾಲಕ್ಕೆ ಕಟ್ಟಿಬಿಟ್ಟ ದುಡ್ಡು ಮಾತ್ರ ವಾಪಸ್ ಕೇಳುವುದಿಲ್ಲ, ಅಲ್ವಾ?

ಅವರು ಸ್ನೋಬಾಲ್ ಹಿಡಿದರು. ಈಗಲೂ ನನಗೆ ಅದು ಸರಿ ಅನ್ನಿಸುತ್ತದೆ. ಸಾಲಗಳನ್ನು ಒಂದೊಂದಾಗಿ ಪೂರ್ತಿ ಮುಚ್ಚುವವರು ಕೊನೆಯವರೆಗೆ ಹೋಗುವ ಸಾಧ್ಯತೆ ಹೆಚ್ಚು ಅಂತ ಅಮೆರಿಕದ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮ್ಯಾಕ್‌ಶೇನ್ 2012ರಲ್ಲಿ ಸಾಲಗಾರರ ದಾಖಲೆಗಳನ್ನು ಪರೀಕ್ಷಿಸಿ ಬರೆದಿದ್ದರು. ಅಕ್ಕನ ವಿಷಯದಲ್ಲಿ ಮನಸ್ಸಿನ ಉತ್ಸಾಹ ಒಂದು ಕಾರಣ ಇರಬಹುದು. ಮುಖ್ಯ ಕಾರಣ ಆಟಿ.

ನಿಮ್ಮ ಹಾಳೆಗೆ ಯಾವುದು?

ತಿಂಗಳ ಸಂಬಳ ನಿಶ್ಚಿತವಾಗಿ ಬರುವವರಿಗೆ, ಮಂಗಳೂರಿಗೆ ದಿನಾ ಹೋಗಿ ಕೆಲಸ ಮಾಡುವವರಿಗೆ, ಆಟಿಯ ಪ್ರಶ್ನೆ ಇಲ್ಲ. ಅವರು ಅವಲಾಂಚ್ ಹಿಡಿಯುವುದೇ ಸರಿ. ಆದಾಯ ಏರಿಳಿಯುವ ಮನೆಯವರು ಬಡ್ಡಿಯ ನಷ್ಟ ಎಷ್ಟು ಅಂತ ಮೊದಲು ನೋಡಬೇಕು. ಪೂರ್ತಿ ಲೆಕ್ಕ ಹಾಕಲು ಬೇಸರವಾದರೆ ಒಂದು ಒರಟು ಅಂದಾಜು ಮಾಡಬಹುದು. ಎರಡು ಸಾಲಗಳ ತಿಂಗಳ ಬಡ್ಡಿಯನ್ನು ಕಳೆಯಿರಿ. ಕಾರ್ಡಿನ 4.13ರಿಂದ ಆ್ಯಪ್‌ನ 2.5 ಕಳೆದರೆ 1.63. ಅಂದರೆ ಕಾರ್ಡಿಗೆ ಹೋಗಬೇಕಿದ್ದ ಪ್ರತಿ 1,000ವನ್ನು ಆ್ಯಪ್‌ಗೆ ಹಾಕಿದರೆ ತಿಂಗಳಿಗೆ ಸುಮಾರು 16 ರೂಪಾಯಿ ನಷ್ಟ. ಕುಟುಂಬಶ್ರೀಗೆ ಹಾಕಿದರೆ 31 ರೂಪಾಯಿ. ಎಷ್ಟು ಸಾವಿರ, ಎಷ್ಟು ತಿಂಗಳು ಅಂತ ಗುಣಿಸಿದರೆ ಅಂದಾಜು ಸಿಗುತ್ತದೆ.

ಕಾರ್ಡಿನ ಬಾಕಿ ಒಂದು ಲಕ್ಷ ದಾಟಿದ್ದರೆ ಈ ಮಾತು ಬದಲಾಗುತ್ತದೆ. ಒಂದು ಲಕ್ಷಕ್ಕೆ ತಿಂಗಳ ಬಡ್ಡಿಯೇ 4,130. ಚಿಕ್ಕ ಸಾಲಗಳನ್ನು ಮುಗಿಸುತ್ತಾ ಕೂತರೆ ಅದು ಇಳಿಯುವುದೇ ಇಲ್ಲ. ಆಗ ಕಾರ್ಡನ್ನೇ ಮೊದಲು ಹಿಡಿಯಬೇಕು.

ಅಥವಾ ಕಾರ್ಡಿನ ಸಾಲವನ್ನು ಕಡಿಮೆ ಬಡ್ಡಿಯ ಜಾಗಕ್ಕೆ ಸರಿಸಬೇಕು. ನಮ್ಮ ಕಡೆ ಮನೆಯಲ್ಲಿ ಸ್ವಲ್ಪ ಚಿನ್ನ ಇರುತ್ತದೆ. ಅದೇ 48,000ವನ್ನು 10% ಚಿನ್ನದ ಸಾಲಕ್ಕೆ ಸರಿಸಿ ಅದೇ 8,100ರಂತೆ ಕಟ್ಟಿದ್ದರೆ ಬಡ್ಡಿ ಸುಮಾರು 1,430 ಆಗುತ್ತಿತ್ತು. ಕಾರ್ಡಿನಲ್ಲೇ ಇಟ್ಟರೆ 8,190. ಸ್ನೋಬಾಲ್, ಅವಲಾಂಚ್ ನಡುವಿನ ವ್ಯತ್ಯಾಸಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು. ಅಕ್ಕನಿಗೆ ಇದನ್ನೂ ಹೇಳಿದ್ದೆ. ಆದರೆ ಉಳಿದದ್ದು ಕರಿಮಣಿ ಮತ್ತು ಮಗಳ ಕಿವಿಯದ್ದು ಮಾತ್ರ. ಅದನ್ನು ಇಡುವುದಿಲ್ಲ ಅಂದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ನೀವು ಹೀಗೆ ಸರಿಸುವುದಾದರೆ ಎರಡು ವಿಷಯ ನೆನಪಿಡಿ. ಖಾಲಿಯಾದ ಕಾರ್ಡನ್ನು ಮತ್ತೆ ಉಜ್ಜಿದರೆ ಎರಡು ಸಾಲ ಆಗುತ್ತದೆ, ಮತ್ತು ಈ ಸಲ ಚಿನ್ನವೂ ಮನೆಯಲ್ಲಿರುವುದಿಲ್ಲ. ಅವಧಿ ಮುಗಿದು ಕಟ್ಟದಿದ್ದರೆ ಚಿನ್ನ ಹರಾಜಿಗೆ ಹೋಗುತ್ತದೆ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಹೆಚ್ಚು ಕಟ್ಟಿದ ದುಡ್ಡು ಅಸಲಿಗೆ ಹೋಯಿತೇ?

ಇಲ್ಲಿ ನನಗೇ ಒಮ್ಮೆ ಪೆಟ್ಟು ಬಿದ್ದಿದೆ. ಒಂದು ಫೈನಾನ್ಸಿನ ಸಾಲಕ್ಕೆ ಕಂತಿನ ಜೊತೆ 10,000 ಹೆಚ್ಚು ಹಾಕಿದ್ದೆ. ಮೂರು ತಿಂಗಳು ಕಳೆದು ಸ್ಟೇಟ್‌ಮೆಂಟ್ ತೆಗೆದರೆ ಅಸಲು ಅಷ್ಟೇ ಇದೆ. ಆ 10,000ವನ್ನು ಮುಂದಿನ ಕಂತುಗಳ ಮುಂಗಡ ಅಂತ ಬದಿಗಿಟ್ಟಿದ್ದರು. ನನ್ನ ದುಡ್ಡು ಅವರಲ್ಲಿ ಸುಮ್ನೆ ಬಿದ್ದಿತ್ತು, ನಾನು ಪೂರ್ತಿ ಅಸಲಿಗೆ ಬಡ್ಡಿ ಕಟ್ಟುತ್ತಿದ್ದೆ.

ಹಾಗಾಗಿ ಕಂತಿನ ಸಾಲಕ್ಕೆ ಹೆಚ್ಚು ಕಟ್ಟುವಾಗ ಆ್ಯಪ್‌ನಲ್ಲಿ Part Payment ಅನ್ನುವ ಆಯ್ಕೆಯಲ್ಲೇ ಕಟ್ಟಿ. ಇಲ್ಲದಿದ್ದರೆ ಇದು ಅಸಲಿಗೆ ಅಂತ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಎರಡು ದಿನ ಬಿಟ್ಟು Principal Outstanding ನೋಡಿ. ಕಟ್ಟಿದಷ್ಟು ಇಳಿದಿದ್ದರೆ ಸರಿ. ಇಳಿಯದಿದ್ದರೆ ಆ ತಿಂಗಳೇ ಕೇಳಿ.

ಕೆಲವು ಸಾಲಗಳಲ್ಲಿ ಭಾಗ ಭಾಗವಾಗಿ ಹೆಚ್ಚು ಕಟ್ಟಲು ಬಿಡುವುದೇ ಇಲ್ಲ, ಒಮ್ಮೆಲೇ ಪೂರ್ತಿ ಮುಗಿಸಬೇಕು. ಅಂಥದ್ದರಲ್ಲಿ ದುಡ್ಡು ಒಟ್ಟು ಮಾಡಿ ಕಾಯುವ ಬದಲು ಅಷ್ಟರವರೆಗೆ ಕಾರ್ಡಿಗೇ ಹಾಕುವುದು ಉತ್ತಮ. ಇನ್ನು ಕೆಲವರು ಬೇಗ ಮುಗಿಸಿದ್ದಕ್ಕೆ Foreclosure ಶುಲ್ಕ ತೆಗೆದುಕೊಳ್ಳುತ್ತಾರೆ, ಅದರ ಮೇಲೂ 18% ಜಿಎಸ್‌ಟಿ. ಶುಲ್ಕ 4% ಇದ್ದರೆ ತೆರಿಗೆ ಸೇರಿ 4.72%. ಇನ್ನು ಎರಡೇ ಕಂತು ಉಳಿದಿರುವ ಸಾಲಕ್ಕೆ ಅಷ್ಟು ಕೊಟ್ಟು ಮುಗಿಸಿದರೆ ಉಳಿಯುವ ಬಡ್ಡಿಗಿಂತ ಶುಲ್ಕವೇ ಜಾಸ್ತಿ ಆಗಬಹುದು. ಅಕ್ಕನ ಆ್ಯಪ್‌ನಲ್ಲಿ ಭಾಗಶಃ ಕಟ್ಟುವ ಸೌಲಭ್ಯ ಇತ್ತು, ಶುಲ್ಕ ಇರಲಿಲ್ಲ. ಇದನ್ನು ನೋಡಿಕೊಂಡೇ ಅದನ್ನು ಎರಡನೆಯ ಸಾಲವಾಗಿ ಹಿಡಿದದ್ದು.

ಮುಗಿಯಿತು ಅಂದುಕೊಂಡ ಮೇಲೆ

ಅಕ್ಕ ಏಪ್ರಿಲ್‌ನಲ್ಲಿ ಕುಟುಂಬಶ್ರೀ ಮುಗಿಸಿದರು, ಜೂನ್‌ನಲ್ಲಿ ಆ್ಯಪ್ ಸಾಲ. ಜುಲೈ, ಆಗಸ್ಟ್‌ನಲ್ಲಿ ಎಣಿಸಿದ ಹಾಗೇ 4,000ದಷ್ಟೇ ಒಟ್ಟಾಯಿತು. ಚಿನ್ನದ ಬಡ್ಡಿ ಕಟ್ಟಿ ಉಳಿದ 3,500 ಕಾರ್ಡಿಗೆ ಹೋಯಿತು. ಒಂದು ಕಂತೂ ತಪ್ಪಲಿಲ್ಲ. ಸೆಪ್ಟೆಂಬರಿನಿಂದ ಮತ್ತೆ 11,500. ಡಿಸೆಂಬರಿನಲ್ಲಿ ಕಾರ್ಡಿನ ಬಿಲ್ಲು 11,113ಕ್ಕೆ ಬಂತು, ಪೂರ್ತಿ ಕಟ್ಟಿದರು.

ಮುಂದಿನ ತಿಂಗಳು ಮತ್ತೆ ಒಂದು ಚಿಕ್ಕ ಬಿಲ್ಲು ಬಂದಾಗ ಅಕ್ಕ ಗಾಬರಿಯಾದರು. ಅದು ತಪ್ಪಲ್ಲ. ಬಿಲ್ಲು ತಯಾರಾದ ದಿನದಿಂದ ನಾವು ಕಟ್ಟಿದ ದಿನದವರೆಗಿನ ಬಡ್ಡಿ ಆ ಬಿಲ್ಲಿನಲ್ಲಿ ಸೇರಿರುವುದಿಲ್ಲ, ಮುಂದಿನದರಲ್ಲಿ ಬರುತ್ತದೆ. ಅದನ್ನು ಕಟ್ಟದೆ ಬಿಟ್ಟರೆ ದಂಡ ಸೇರಿ ಮತ್ತೆ ಬೆಳೆಯುತ್ತದೆ. ಎರಡು ತಿಂಗಳು ಸಾಲಾಗಿ Total Amount Due ಸೊನ್ನೆ ಬಂದರೆ ಮಾತ್ರ ಕಾರ್ಡ್ ಮುಗಿದ ಲೆಕ್ಕ. ಆಮೇಲೆ ಕಾರ್ಡ್ ಬೇಡ ಅನ್ನಿಸಿದರೆ ಮುಚ್ಚಲು ಬರೆದು ಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ.

ಆ್ಯಪ್ ಸಾಲ ಮುಗಿದಾಗ ಬಾಕಿ ಇಲ್ಲ ಅನ್ನುವ ಪತ್ರ ಇಳಿಸಿಕೊಂಡು ಅಕ್ಷಯ ಕೇಂದ್ರದಲ್ಲಿ ಒಂದು ಪ್ರಿಂಟ್ ತೆಗೆಸಿದೆವು. ಖಾತೆಯ ಆಟೋ ಡೆಬಿಟ್ ಒಪ್ಪಿಗೆಯನ್ನೂ ರದ್ದು ಮಾಡಿಸಿದೆವು. ಎರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ಮುಗಿದ ಸಾಲದ ಮುಂದೆ Closed ಅಂತ ಇರಬೇಕು. Settled ಅಂತ ಇದ್ದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು ಅಂತ ಅರ್ಥ. ನೀವು ಪೂರ್ತಿ ಕಟ್ಟಿದ್ದರೆ ಪತ್ರ ತೋರಿಸಿ ತಿದ್ದಿಸಿ.

ಕೊನೆಯದು ಚಿನ್ನ. ಜನವರಿಯಿಂದ ತಿಂಗಳಿಗೆ 12,000 ಹೋಗಿ ಈ ಜೂನ್‌ನಲ್ಲಿ 1,140 ರೂಪಾಯಿ ಮಾತ್ರ ಉಳಿಯಿತು. ಅದನ್ನು ಕಟ್ಟಲು ಹೋಗುವಾಗ ಅಡವಿನ ಚೀಟಿ ಮರೆಯಬಾರದು, ಚೀಟಿಯಲ್ಲಿ ಒಡವೆಗಳ ಸಂಖ್ಯೆಯೂ ತೂಕವೂ ಬರೆದಿರುತ್ತದೆ. ಅಕ್ಕ ಕೌಂಟರಿನ ಮುಂದೆಯೇ ಪೊಟ್ಟಣ ಬಿಚ್ಚಿಸಿ, ಎರಡು ಬಳೆ ಒಂದು ಸರ ಅಂತ ಎಣಿಸಿ, ತಕ್ಕಡಿಯಲ್ಲಿ ಇಡಿಸಿ, ಚೀಟಿಯ ಸಂಖ್ಯೆ ತಾಳೆ ನೋಡಿದ ಮೇಲೆಯೇ ಸಹಿ ಹಾಕಿದರು.